63 ಬಂದರೂ ಫೇಲು: ವಿಟಿಯು ಪರೀಕ್ಷೆಯ 35ರ ಗೆರೆ ಏನು ಕಾಯುತ್ತದೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ರಿಸಲ್ಟ್ ಬಿಟ್ಟ ದಿನ ಮೊಬೈಲ್ ಪರದೆಯ ಮೇಲೆ ಪ್ರತಿ ವಿಷಯಕ್ಕೂ ಒಂದೊಂದು ಸಾಲು ಬರುತ್ತದೆ. `Internal Marks`, `External Marks`, `Total`, ಕೊನೆಯಲ್ಲಿ `Result`. ಆ ಸಾಲಿನಲ್ಲಿ 46, 17, 63 ಎಂದು ಓದಿಕೊಂಡು ಬಂದವರಿಗೆ ಕೊನೆಯಲ್ಲಿ `F` ಕಂಡರೆ ಅದು ಕಂಪ್ಯೂಟರ್ ಮಾಡಿದ ತಪ್ಪಿರಬೇಕು ಎನ್ನಿಸುತ್ತದೆ. ಅದೇ ತರಗತಿಯ ಇನ್ನೊಬ್ಬರ ಸಾಲಿನಲ್ಲಿ 22, 18, 40 ಇದ್ದು ಪಕ್ಕದಲ್ಲಿ `P` ಇರುತ್ತದೆ. ಅರವತ್ಮೂರು ಬಂದವರು ಫೇಲು, ನಲವತ್ತು ಬಂದವರು ಪಾಸು.

ಹಾಸನದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಗಣಿತ ಹೇಳಿಕೊಡುವ ನನಗೆ ಪ್ರತಿ ಸೆಮಿಸ್ಟರ್ ಮುಗಿದಾಗಲೂ ಅಪ್ಪ ಅಮ್ಮಂದಿರಿಂದ ಬರುವ ಪ್ರಶ್ನೆ ಇದು. "ಅಲ್ಲ ಸಾರ್, ವರ್ಷವೆಲ್ಲಾ ಚೆನ್ನಾಗೇ ತೆಗ್ದವ್ಳೆ, ಇಂಟರ್ನಲ್ಸಲ್ಲಿ ನಲವತ್ತಾರು ಅಂತ ನೀವೇ ಹಾಕಿದೀರಿ. ಒಂದು ಪರೀಕ್ಷೆಗೆ ಎಲ್ಲಾ ಹೊಡ್ಕೊಂಡೋಯ್ತಾ?" ಎಂದು ಅರಕಲಗೂಡು ಕಡೆಯ ಒಬ್ಬ ತಂದೆ ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಿಯಮ ಹಾಗಿದೆ ಎಂದು ಹೇಳಿ ಕಳಿಸಿದರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಆ ನಿಯಮದ ಒಳಗೆ ಒಂದು ಲೆಕ್ಕವಿದೆ. ಅದು ಮಕ್ಕಳಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ನಮ್ಮ ಮೇಷ್ಟ್ರುಗಳೂ ಅದನ್ನು ಬಿಡಿಸಿ ಹೇಳುವುದಿಲ್ಲ.

2022ರ ಸ್ಕೀಮ್ ಪ್ರಕಾರ ಒಂದು ಥಿಯರಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಸಿಐಇ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಇಂಟರ್ನಲ್ಸ್. ಉಳಿದ 50 ಎಸ್‌ಇಇ, ಸೆಮಿಸ್ಟರ್ ಕೊನೆಯ ಪರೀಕ್ಷೆ. ಆ ಪರೀಕ್ಷೆಯನ್ನು ಬರೆಯುವುದು 100 ಅಂಕಕ್ಕೆ, ಆಮೇಲೆ ಅದನ್ನು ಅರ್ಧ ಮಾಡಿ 50ಕ್ಕೆ ಇಳಿಸುತ್ತಾರೆ. ಪಾಸಾಗಲು ಮೂರು ಬಾಗಿಲು ದಾಟಬೇಕು. ಸಿಐಇಯಲ್ಲಿ 50ಕ್ಕೆ ಕನಿಷ್ಠ 20 ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಎಸ್‌ಇಇಯಲ್ಲಿ ಶೇ 35 ಬರಬೇಕು. ಎರಡೂ ಸೇರಿ 100ಕ್ಕೆ 40 ಆಗಬೇಕು. ಐವತ್ತರ ಶೇ 35 ಎಂದರೆ ಹದಿನೇಳೂವರೆ, ಅದನ್ನು 18 ಎಂದು ಹಿಡಿಯುತ್ತಾರೆ. ಉತ್ತರಪತ್ರಿಕೆಯಲ್ಲಿ 35 ಬಂದರೆ 18 ಆಗುತ್ತದೆ, ಪಾಸು. 34 ಬಂದರೆ 17, ಅಲ್ಲಿಗೆ ಮುಗಿಯಿತು. ಇಂಟರ್ನಲ್ಸ್ ಎಷ್ಟೇ ಇದ್ದರೂ ಈ ಎರಡನೇ ಬಾಗಿಲಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಈಗ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಪರೀಕ್ಷೆಯಲ್ಲಿ ಕನಿಷ್ಠ 18 ಬೇಕೇ ಬೇಕು, ಒಟ್ಟು 40 ಆಗಬೇಕು. ಹಾಗಾದರೆ ಇಂಟರ್ನಲ್ಸ್‌ನಲ್ಲಿ 22 ಇದ್ದರೆ ಸಾಕು. ಆ 22ರ ಮೇಲೆ ಬರುವ ಒಂದೊಂದು ಅಂಕವೂ ಗ್ರೇಡ್ ಏರಿಸಲು ಉಪಯೋಗಕ್ಕೆ ಬರುತ್ತದೆ, ಆದರೆ ಪಾಸಾಗಲು ಕವಡೆ ಕಾಸಿನ ಸಹಾಯವನ್ನೂ ಮಾಡುವುದಿಲ್ಲ. 46 ಇರುವವರಿಗೂ 22 ಇರುವವರಿಗೂ ಕೊನೆಯ ಪರೀಕ್ಷೆಯಲ್ಲಿ ಬೇಕಾದದ್ದು ಅದೇ 35. ಬಹಳ ಮಕ್ಕಳು ಇದನ್ನು ತಿರುಗಾಮುರುಗಾ ಯೋಚಿಸುತ್ತಾರೆ. ನಲವತ್ತಾರು ಕೈಯಲ್ಲಿದೆ, ಒಟ್ಟು ನಲವತ್ತು ಆಗಲೇ ದಾಟಿದೆ, ಇನ್ನು ಹೇಗೋ ಆಗುತ್ತದೆ ಎಂದುಕೊಂಡು ಆ ವಿಷಯವನ್ನು ಬದಿಗಿಟ್ಟು ಕಷ್ಟವಾದ ಬೇರೆ ವಿಷಯಕ್ಕೆ ಓದಲು ಕೂರುತ್ತಾರೆ. ಕೈಯಲ್ಲಿದೆ ಎಂದುಕೊಂಡದ್ದು ಆ ಬಾಗಿಲಿಗೆ ಚಲಾವಣೆಯಾಗುವ ನಾಣ್ಯವಲ್ಲ ಎಂದು ಗೊತ್ತಾಗುವುದು ರಿಸಲ್ಟ್ ದಿನ.

ಇಷ್ಟು ಬಿಗಿ ಏಕೆ ಎನ್ನುವುದಕ್ಕೆ ಹಳೆಯ ಸ್ಕೀಮ್‌ಗಳನ್ನು ತಿರುವಿ ಹಾಕಬೇಕು. 2015ರ ಸ್ಕೀಮ್‌ನಲ್ಲಿ ಇಂಟರ್ನಲ್ಸ್ 20, ಪರೀಕ್ಷೆ 80 ಇತ್ತು. 2018ರ ಸ್ಕೀಮ್‌ಗೆ ಬಂದಾಗ ಅದು 40 ಮತ್ತು 60 ಆಗಿತ್ತು. 2021ರಿಂದ ಅರ್ಧಕ್ಕರ್ಧ. ಇಂಟರ್ನಲ್ಸ್ ಇಪ್ಪತ್ತೇ ಇದ್ದ ಕಾಲದಲ್ಲಿ ಪೂರ್ತಿ ಇಪ್ಪತ್ತು ತೆಗೆದವರೂ ಒಟ್ಟು 40 ಮುಟ್ಟಲು ಪರೀಕ್ಷೆಯಲ್ಲಿ ಇನ್ನೂ ಇಪ್ಪತ್ತು ಗಳಿಸಲೇಬೇಕಿತ್ತು. ಒಟ್ಟು ಅಂಕದ ನಿಯಮವೇ ಪರೀಕ್ಷೆಯನ್ನು ಅಷ್ಟಿಷ್ಟು ಕಾಯುತ್ತಿತ್ತು. ಇಂಟರ್ನಲ್ಸ್ ಐವತ್ತಕ್ಕೆ ಏರಿದ ಮೇಲೆ ಆ ಕಾವಲು ಇಲ್ಲವಾಯಿತು. ಎಸ್‌ಇಇಗೆ ಬೇರೆ ಗೆರೆ ಇಲ್ಲದಿದ್ದರೆ ಇಂಟರ್ನಲ್ಸ್‌ನಲ್ಲಿ 40 ತೆಗೆದ ವಿದ್ಯಾರ್ಥಿ ಪರೀಕ್ಷಾ ಕೊಠಡಿಗೆ ಹೋಗಿ ಹೆಸರು ಬರೆದು ಎದ್ದು ಬಂದರೂ ಪಾಸು. ಅಂದರೆ ಇಂಟರ್ನಲ್ಸ್‌ಗೆ ತೂಕ ಹೆಚ್ಚಿದಷ್ಟೂ ಈ 35ರ ಗೆರೆಯೊಂದೇ ಉಳಿದ ಬೀಗ.

ಬೀಗ ಬೇಕೇ ಎಂದರೆ, ಬೇಕು ಎಂದೇ ನನ್ನ ಅಭಿಪ್ರಾಯ. ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ತೆಗೆಯುವವರೂ ನಾವೇ, ತಿದ್ದುವವರೂ ನಾವೇ. ಕಾಲೇಜಿನ ರಿಸಲ್ಟ್ ಶೇಕಡಾವಾರು ಚೆನ್ನಾಗಿ ಬರಲಿ ಎಂಬ ಒತ್ತಡ ನಮ್ಮ ಮೇಲೆಯೇ ಇರುತ್ತದೆ, ಮುಂದಿನ ವರ್ಷದ ಅಡ್ಮಿಷನ್ ಅದರ ಮೇಲೆ ನಿಂತಿರುತ್ತದೆ. ಒಂದು ಕಾಲೇಜಿನ 46ಕ್ಕೂ ಇನ್ನೊಂದು ಕಾಲೇಜಿನ 46ಕ್ಕೂ ಒಂದೇ ಬೆಲೆ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಎಸ್‌ಇಇ ಹಾಗಲ್ಲ. ಅಲ್ಲಿ ಚಿಕ್ಕಮಗಳೂರಿನ ಹುಡುಗನಿಗೂ ಕಲಬುರಗಿಯ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ. ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವುದರಿಂದ ಅದು ಯಾರದು ಎಂದು ತಿದ್ದುವವರಿಗೆ ಗೊತ್ತಾಗುವುದಿಲ್ಲ. ಎರಡು ಬೇರೆ ಬೇರೆ ಅಳತೆಗಳನ್ನು ಕೂಡಿಸಿ ಸರಾಸರಿ ಮಾಡಿದರೆ ಸಡಿಲವಾದ ಅಳತೆ ಬಿಗಿಯಾದದ್ದನ್ನು ಮುಚ್ಚಿಹಾಕುತ್ತದೆ. ಹಾಗಾಗದಿರಲಿ ಎಂದೇ ಈ ಗೆರೆ.

ಆದರೆ ಆ ತಂದೆಯ ಮಾತಿಗೆ ಇಷ್ಟೇ ಉತ್ತರವಾಗುವುದಿಲ್ಲ. ಅವರ ಮಗಳಿಗೆ ಯಾರೂ ಅಂಕ ದಾನ ಮಾಡಿರಲಿಲ್ಲ. ಟೆಸ್ಟ್‌ನಲ್ಲಿ ಅವಳು ಬರೆದದ್ದು ನಿಜವಾಗಿಯೂ ಸರಿ ಇತ್ತು. ಹಾಗಿದ್ದೂ ಪರೀಕ್ಷೆಯಲ್ಲಿ 34ಕ್ಕೆ ನಿಲ್ಲುವುದು ಹೇಗೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅವಳ ಗುರುತು ಬೇಡವೆಂದು ಮುಂದಿನ ಅಂಕಗಳನ್ನು ನಾನೇ ಜೋಡಿಸಿದ್ದೇನೆ. ಆದರೆ ಇದೇ ಮಾದರಿಯ ಉತ್ತರಪತ್ರಿಕೆಗಳನ್ನು ಮಕ್ಕಳ ಜೊತೆ ಕೂತು ಮತ್ತೆ ಮತ್ತೆ ನೋಡಿದ್ದೇನೆ.

ವಿಷಯ ಕಂಪ್ಯೂಟರ್ ಸೈನ್ಸ್‌ನವರ ಮೂರನೇ ಸೆಮಿಸ್ಟರ್ ಗಣಿತ ಎಂದಿಟ್ಟುಕೊಳ್ಳಿ. ಐದು ಮಾಡ್ಯೂಲ್. ಮೊದಲನೆಯದರಲ್ಲಿ ಸಂಭವನೀಯತೆಯ ವಿತರಣೆಗಳು, ಎರಡನೆಯದರಲ್ಲಿ ಜಾಯಿಂಟ್ ಪ್ರಾಬಬಿಲಿಟಿ ಮತ್ತು ಮಾರ್ಕೊವ್ ಚೈನ್, ಮೂರು ಮತ್ತು ನಾಲ್ಕರಲ್ಲಿ ಸ್ಟ್ಯಾಟಿಸ್ಟಿಕಲ್ ಇನ್‌ಫರೆನ್ಸ್, ಐದನೆಯದರಲ್ಲಿ ಅನೋವಾ. ಸಿಐಇಯ 50ರಲ್ಲಿ 25 ಅಂಕ ಎರಡು ಟೆಸ್ಟ್‌ಗಳ ಸರಾಸರಿ, ಇನ್ನು 25 ಅಸೈನ್‌ಮೆಂಟ್. ಮೊದಲ ಟೆಸ್ಟ್ ಸಿಲಬಸ್‌ನ ಶೇ 40ರಿಂದ 50 ಮುಗಿದಾಗ, ಎರಡನೆಯದು ಶೇ 85ರಿಂದ 90 ಮುಗಿದಾಗ. ನಮ್ಮ ವಿದ್ಯಾರ್ಥಿನಿಗೆ ಟೆಸ್ಟ್‌ಗಳಲ್ಲಿ 21 ಮತ್ತು 23, ಸರಾಸರಿ 22. ಅಸೈನ್‌ಮೆಂಟ್‌ನಲ್ಲಿ 24. ಒಟ್ಟು 46.

ಟೆಸ್ಟ್‌ಗೆ ಮುಂಚೆ ನಾವು ಕ್ವೆಶ್ಚನ್ ಬ್ಯಾಂಕ್ ಕೊಡುತ್ತೇವೆ. ಎರಡು ಮಾಡ್ಯೂಲ್‌ಗೆ ಹತ್ತು ಹನ್ನೆರಡು ಲೆಕ್ಕ, ಅದರಲ್ಲೇ ಸಂಖ್ಯೆ ಬದಲಾಯಿಸಿ ಟೆಸ್ಟ್‌ನಲ್ಲಿ ಕೇಳುತ್ತೇವೆ. ಅವಳು ಆ ಹನ್ನೆರಡನ್ನೂ ಮಾಡಿ ಹೋಗುತ್ತಾಳೆ. ಮಾರ್ಕೊವ್ ಚೈನ್‌ನಲ್ಲಿ ಟ್ರಾನ್ಸಿಷನ್ ಮ್ಯಾಟ್ರಿಕ್ಸ್ ಕೊಟ್ಟರೆ ಸ್ಥಿರ ಸಂಭವನೀಯತೆ ಕಂಡುಹಿಡಿಯುತ್ತಾಳೆ. ಆದರೆ ಎಸ್‌ಇಇ ಪತ್ರಿಕೆಯಲ್ಲಿ ಅದೇ ಪ್ರಶ್ನೆ ನಾಲ್ಕು ಸಾಲಿನ ಕಥೆಯಾಗಿ ಬರುತ್ತದೆ: ಒಬ್ಬ ವ್ಯಕ್ತಿ ಒಂದು ದಿನ ಬಸ್ಸಿನಲ್ಲಿ, ಇನ್ನೊಂದು ದಿನ ಸ್ಕೂಟರ್‌ನಲ್ಲಿ ಹೋಗುತ್ತಾನೆ, ಮೂರನೇ ದಿನ ಬಸ್ಸಿನಲ್ಲಿ ಹೋಗುವ ಸಂಭವನೀಯತೆ ಎಷ್ಟು? ಮ್ಯಾಟ್ರಿಕ್ಸನ್ನು ಅವಳೇ ಕಟ್ಟಬೇಕು. ಅಲ್ಲಿ ಕೈ ನಿಲ್ಲುತ್ತದೆ. ಮಾಡಿಕೊಟ್ಟ ಲೆಕ್ಕ ಬಿಡಿಸುವುದು ಗೊತ್ತು, ಲೆಕ್ಕವನ್ನು ಗುರುತಿಸುವುದು ಅಭ್ಯಾಸವಾಗಿಲ್ಲ.

ಇನ್ನು ಪತ್ರಿಕೆಯ ರಚನೆ. ಮೂರು ಗಂಟೆ, ಹತ್ತು ಪ್ರಶ್ನೆ, ಪ್ರತಿ ಮಾಡ್ಯೂಲ್‌ಗೆ ಎರಡು. ಪ್ರತಿ ಮಾಡ್ಯೂಲ್‌ನಿಂದ ಒಂದು ಪೂರ್ತಿ ಪ್ರಶ್ನೆಯಂತೆ ಐದು ಬರೆಯಬೇಕು, ಒಂದೊಂದಕ್ಕೂ 20 ಅಂಕ. ಮೊದಲ ಪ್ರಶ್ನೆಯ ಎ ಭಾಗವನ್ನೂ ಎರಡನೇ ಪ್ರಶ್ನೆಯ ಬಿ ಭಾಗವನ್ನೂ ಸೇರಿಸಿ ಬರೆಯುವಂತಿಲ್ಲ. ಒಂದು ಪ್ರಶ್ನೆಗೆ ಸಿಗುವ ಸಮಯ 36 ನಿಮಿಷ. ನಮ್ಮ ವಿದ್ಯಾರ್ಥಿನಿ ಗೊತ್ತಿರುವ ಮೊದಲ ಎರಡು ಮಾಡ್ಯೂಲ್‌ಗೇ ಅರ್ಧಕ್ಕಿಂತ ಹೆಚ್ಚು ಸಮಯ ಕೊಟ್ಟಳು. ಮೊದಲನೆಯದರಲ್ಲಿ 13, ಎರಡನೆಯದರಲ್ಲಿ 11, ಮೂರನೆಯದರಲ್ಲಿ 8 ಬಂತು. ನಾಲ್ಕನೆಯದರಲ್ಲಿ ಒಂದು ಸೂತ್ರ ಬರೆದು 2. ಐದನೆಯದನ್ನು ಮುಟ್ಟಲೇ ಇಲ್ಲ. ಒಟ್ಟು 34.

ಅವಳ ಪಕ್ಕದ ಬೆಂಚಿನ ಹುಡುಗನದು ಬೇರೆ ಕಥೆ. ಟೆಸ್ಟ್‌ನಲ್ಲಿ 9 ಮತ್ತು 11, ಅಸೈನ್‌ಮೆಂಟ್ ತಡವಾಗಿ ಕೊಟ್ಟು 12, ಒಟ್ಟು 22. ಪರೀಕ್ಷೆಯಲ್ಲಿ ಐದೂ ಮಾಡ್ಯೂಲ್‌ಗೆ ಅಷ್ಟಷ್ಟು ಬರೆದ. 8, 8, 7, 7, 6. ಮೂವತ್ತಾರು, ಪಾಸು.

ಇಬ್ಬರಲ್ಲಿ ಯಾರಿಗೆ ವಿಷಯ ಹೆಚ್ಚು ಗೊತ್ತು? ಗೊತ್ತಿರುವಷ್ಟರಲ್ಲಿ ಅವಳದು ಆಳ, ಅವನದು ಹರವು. ಗೆರೆ ಕೇಳುತ್ತಿರುವುದು ಹರವನ್ನು. ಇಡೀ ಸಿಲಬಸ್ ಅನ್ನು ಒಂದೇ ಕಡೆ ಕೂತು, ಯಾವ ಲೆಕ್ಕ ಬರುತ್ತದೆಂದು ಗೊತ್ತಿಲ್ಲದೆ ಎದುರಿಸುವ ಸಂದರ್ಭ ಸೆಮಿಸ್ಟರ್‌ನಲ್ಲಿ ಒಂದೇ ಸಲ ಬರುತ್ತದೆ. ಇಂಟರ್ನಲ್ಸ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ಅಳೆಯುವುದಿಲ್ಲ, ಏಕೆಂದರೆ ಅಲ್ಲಿ ಸಿಲಬಸ್ ತುಂಡು ತುಂಡಾಗಿ ಬರುತ್ತದೆ. ಗೆರೆಗೆ ಇರುವ ಎರಡನೇ ಸಮರ್ಥನೆ ಇದು. ಸ್ವಾಯತ್ತ ಕಾಲೇಜುಗಳ ವಿಷಯದಲ್ಲಿ ಉಳಿಯುವ ಮುಖ್ಯ ಸಮರ್ಥನೆಯೂ ಇದೇ. 1960ರಲ್ಲಿ ಶುರುವಾದ ನಮ್ಮೂರಿನ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸ್ವಾಯತ್ತ. ಅಂಥ ಕಡೆ ಡಿಗ್ರಿ ಕೊಡುವುದು ವಿಟಿಯು ಆದರೂ ಕೊನೆಯ ಪರೀಕ್ಷೆ ನಡೆಸುವುದು ಕಾಲೇಜೇ. ಇಡೀ ರಾಜ್ಯಕ್ಕೆ ಒಂದೇ ಪತ್ರಿಕೆ ಎಂಬ ಮೊದಲ ಕಾರಣ ಅಲ್ಲಿ ನಿಲ್ಲುವುದಿಲ್ಲ.

ಗೆರೆಯನ್ನು ಒಪ್ಪುತ್ತೇನೆ ಎಂದರೆ ಅದು ಈಗಿರುವ ರೀತಿಯನ್ನೆಲ್ಲಾ ಒಪ್ಪುತ್ತೇನೆ ಎಂದಲ್ಲ. ನನ್ನ ದೊಡ್ಡ ತಕರಾರು ಇರುವುದು ಗೆರೆಯ ಈಚೆಗೆ ನಡೆಯುವುದರ ಬಗ್ಗೆ. 2021ರ ಸ್ಕೀಮ್‌ನಲ್ಲಿ ಐದನೇ, ಹತ್ತನೇ ಮತ್ತು ಹದಿನೈದನೇ ವಾರದ ಕೊನೆಯಲ್ಲಿ ಮೂರು ಟೆಸ್ಟ್ ಇದ್ದವು. ಹದಿನೈದನೇ ವಾರದ ಟೆಸ್ಟ್‌ಗೆ ಕೊನೆಯ ಮಾಡ್ಯೂಲ್ ಬರುತ್ತಿತ್ತು. ಸಿಐಇಯಲ್ಲಿ ಟೆಸ್ಟ್‌ಗಳ ಪಾಲು ನೂರಕ್ಕೆ ಅರವತ್ತು ಇತ್ತು. 2022ರಲ್ಲಿ ಟೆಸ್ಟ್ ಎರಡಾದವು, ಅವುಗಳ ಪಾಲು ಅರ್ಧಕ್ಕೆ ಇಳಿಯಿತು, ಇನ್ನರ್ಧ ಅಸೈನ್‌ಮೆಂಟ್‌ಗೆ ಹೋಯಿತು. ಎರಡನೇ ಟೆಸ್ಟ್ ಸಿಲಬಸ್‌ನ ಶೇ 85ರಿಂದ 90ಕ್ಕೇ ನಿಲ್ಲುವುದರಿಂದ ಐದನೇ ಮಾಡ್ಯೂಲ್‌ನ ದೊಡ್ಡ ಭಾಗವನ್ನು ವಿದ್ಯಾರ್ಥಿ ಮೊದಲ ಬಾರಿಗೆ ಬರೆದು ನೋಡುವುದು ಎಸ್‌ಇಇಯಲ್ಲೇ. ನಮ್ಮ ವಿದ್ಯಾರ್ಥಿನಿ ಸೊನ್ನೆ ತೆಗೆದದ್ದು ಸರಿಯಾಗಿ ಅಲ್ಲಿ. ಮಕ್ಕಳ ಮೇಲಿನ ಪರೀಕ್ಷೆಯ ಭಾರ ಕಡಿಮೆ ಮಾಡಬೇಕೆಂಬ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗೆರೆಯನ್ನು ಹಾಗೇ ಉಳಿಸಿಕೊಂಡು, ಗೆರೆ ದಾಟಲು ತಯಾರಿ ಮಾಡಿಸುವ ಟೆಸ್ಟನ್ನು ತೆಗೆದದ್ದು ಮಕ್ಕಳಿಗೆ ಉಪಕಾರವಲ್ಲ.

ಅಸೈನ್‌ಮೆಂಟ್‌ನದು ಇನ್ನೊಂದು ತೊಂದರೆ. ಒಬ್ಬರು ಬರೆದದ್ದು ವಾಟ್ಸ್ಆ್ಯಪ್ ಗುಂಪಿನಲ್ಲಿ ಇಡೀ ತರಗತಿಗೆ ಹೋಗುತ್ತದೆ ಎಂದು ನಮಗೂ ಗೊತ್ತು. ಬಹುಪಾಲು ಮಕ್ಕಳಿಗೆ ಅದರಲ್ಲಿ 25ಕ್ಕೆ 22ರ ಮೇಲೆಯೇ ಬರುತ್ತದೆ. ಟೆಸ್ಟ್‌ನಲ್ಲಿ 25ಕ್ಕೆ 12 ತೆಗೆದವರಿಗೂ ಅಸೈನ್‌ಮೆಂಟ್ 24 ಸೇರಿ ಸಿಐಇ 36 ಆಗುತ್ತದೆ. ಮನೆಯವರಿಗೆ ಕಾಣುವುದು ಆ 36. ಆದ್ದರಿಂದ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು, ಇಂಟರ್ನಲ್ಸ್ ಎಷ್ಟು ಬಂತು ಎಂದು ಕೇಳಬೇಡಿ, ಟೆಸ್ಟ್‌ನಲ್ಲಿ ಮಾತ್ರ ಎಷ್ಟು ಬಂತು ಎಂದು ಬಿಡಿಸಿ ಕೇಳಿ. 13ರ ಕೆಳಗಿದ್ದರೆ ಅದು ಎಚ್ಚರಿಕೆ. 20ರ ಮೇಲಿದ್ದರೂ ಐದನೇ ಮಾಡ್ಯೂಲ್ ಓದಿದ್ದಾಯಿತೇ ಎಂದು ಇನ್ನೊಂದು ಮಾತು ಕೇಳಿ.

ಮಕ್ಕಳಿಗೆ ಹೇಳುವ ಲೆಕ್ಕ ಇನ್ನೂ ಸರಳ. ಐದು ಮಾಡ್ಯೂಲ್, ಒಂದೊಂದರಲ್ಲಿ 7 ಅಂಕ ಬಂದರೆ 35. ವಿಟಿಯು ಪತ್ರಿಕೆಯಲ್ಲಿ 20 ಅಂಕದ ಪ್ರಶ್ನೆಯನ್ನು ಸಾಮಾನ್ಯವಾಗಿ 6, 7, 7 ಎಂದು ಮೂರು ಭಾಗ ಮಾಡಿರುತ್ತಾರೆ. ಪ್ರತಿ ಮಾಡ್ಯೂಲ್‌ನಲ್ಲಿ ಏಳು ಅಂಕದ ಒಂದೇ ಒಂದು ಭಾಗವನ್ನು ಪೂರ್ತಿ ಸರಿಯಾಗಿ ಬರೆದರೆ ಗೆರೆ ಮುಟ್ಟಿದಂತೆ. ಅದೇ ಎರಡು ಮಾಡ್ಯೂಲ್ ಬಿಟ್ಟು ಮೂರೇ ಓದಿದವರು 60ಕ್ಕೆ 35 ತೆಗೆಯಬೇಕು, ಅಂದರೆ ಪ್ರತಿ ಪ್ರಶ್ನೆಯಲ್ಲೂ ಹನ್ನೆರಡರ ಹತ್ತಿರ. ಬಿಡುವ ಮಾಡ್ಯೂಲ್ ಒಂದೊಂದೂ ಉಳಿದವುಗಳ ಮೇಲಿನ ಹೊರೆ ಏರಿಸುತ್ತದೆ. ಪರೀಕ್ಷೆಗೆ ಎರಡು ವಾರ ಮುಂಚೆ ಲೈಬ್ರರಿಯಿಂದ ಒಂದು ಹಳೆಯ ಪತ್ರಿಕೆ ತಂದು, ಮೂರು ಗಂಟೆ ಕೂತು ಬರೆದು, ಮಾಡ್ಯೂಲ್ ಪ್ರಕಾರ ಅಂಕ ಹಾಕಿಸಿಕೊಳ್ಳಿ ಎನ್ನುತ್ತೇನೆ. ಯಾವುದು ಏಳರ ಕೆಳಗಿದೆಯೋ ಅಲ್ಲಿಂದ ಓದು ಶುರುವಾಗಬೇಕು. ಬೇಲೂರು, ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಮನೆಯಲ್ಲಿ ಒಂದೇ ಉಸಿರಿಗೆ ಮೂರು ಗಂಟೆ ಸಿಗುವುದು ಕಷ್ಟ. ಆದ್ದರಿಂದ ಇದನ್ನು ಕಾಲೇಜಿನಲ್ಲೇ ಮಾಡಿಸಬೇಕು. ಅಂಕ ಕೂಡಿಸದಿದ್ದರೂ ಪರವಾಗಿಲ್ಲ, ಐದೂ ಮಾಡ್ಯೂಲ್‌ನ ಒಂದು ಪೂರ್ಣ ಪರೀಕ್ಷೆ ಎಸ್‌ಇಇಗೆ ಮುಂಚೆ ಆಗಲೇಬೇಕು. ಅದಕ್ಕೆ ವಿಟಿಯು ಆದೇಶ ಬರಲಿ ಎಂದು ಕಾಯುವ ಅಗತ್ಯವೇನೂ ಇಲ್ಲ.

ಎರಡನೇ ತಕರಾರು ಗೆರೆಯ ಅಂಚಿನ ಬಗ್ಗೆ. ಏಳು ಅಂಕದ ಒಂದು ಲೆಕ್ಕಕ್ಕೆ ಒಬ್ಬ ಮೌಲ್ಯಮಾಪಕರು 4 ಕೊಟ್ಟರೆ ಇನ್ನೊಬ್ಬರು 5 ಕೊಡುತ್ತಾರೆ. ಕೊನೆಯ ಉತ್ತರ ತಪ್ಪಿ ವಿಧಾನ ಸರಿಯಿದ್ದಾಗ ಸ್ಟೆಪ್ ಮಾರ್ಕ್ಸ್ ಎಷ್ಟು ಎನ್ನುವುದರಲ್ಲಿ ಇಷ್ಟು ವ್ಯತ್ಯಾಸ ಸಹಜ, ನಾವೆಲ್ಲಾ ತಿದ್ದುವವರೇ. ಹದಿನೈದರಷ್ಟು ಉಪಪ್ರಶ್ನೆಗಳಿಗೆ ಉತ್ತರ ಬರೆಯುವ ಪತ್ರಿಕೆಯಲ್ಲಿ 34 ಮತ್ತು 35ರ ನಡುವಿನ ಅಂತರ ಈ ವ್ಯತ್ಯಾಸಕ್ಕಿಂತ ಚಿಕ್ಕದು. ಆದರೆ ಫಲಿತಾಂಶದಲ್ಲಿ 34ಕ್ಕೂ 4ಕ್ಕೂ ಒಂದೇ `F`. ಇಂಥ ಕಡೆ ಗೆರೆಯನ್ನು ಕೆಳಗಿಳಿಸಿದರೆ ಪ್ರಯೋಜನವಿಲ್ಲ, 33ಕ್ಕೆ ಇಳಿಸಿದರೆ 32 ತೆಗೆದವರ ಕಥೆ ಇದೇ ಆಗುತ್ತದೆ. ಗೆರೆಯ ಕೆಳಗೆ ಎರಡು ಮೂರು ಅಂಕದೊಳಗೆ ನಿಂತ ಪತ್ರಿಕೆಗಳನ್ನು, ಅದರಲ್ಲೂ ಟೆಸ್ಟ್ ಅಂಕ ಚೆನ್ನಾಗಿರುವವರ ಪತ್ರಿಕೆಗಳನ್ನು, ರಿಸಲ್ಟ್ ಬಿಡುವ ಮುಂಚೆಯೇ ಇನ್ನೊಬ್ಬರಿಂದ ತಿದ್ದಿಸುವುದು ನ್ಯಾಯ. ಪತ್ರಿಕೆಗಳೆಲ್ಲಾ ಸ್ಕ್ಯಾನ್ ಆಗಿ ಕಂಪ್ಯೂಟರ್‌ನಲ್ಲೇ ಇರುವಾಗ ಹಾಗೆ ಆರಿಸಿ ತೆಗೆಯುವುದು ಕಷ್ಟದ ಕೆಲಸವಲ್ಲ. ಈಗ ಆ ಹೊಣೆ ವಿದ್ಯಾರ್ಥಿಯ ಮೇಲಿದೆ. ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕಿ ದುಡ್ಡು ಕಟ್ಟುವವರಿಗೆ ಮಾತ್ರ ಎರಡನೇ ನೋಟ ಸಿಗುತ್ತದೆ. ಎರಡು ಮೂರು ವಿಷಯ ಹೋದವರ ಮನೆಯಲ್ಲಿ ಆ ಶುಲ್ಕವೂ ಯೋಚನೆಯೇ.

17 ಬಂದು ನಿಂತಿರುವವರು ಈಗಿರುವ ದಾರಿಯಲ್ಲಿ ಮಾಡಬಹುದಾದದ್ದು ಇಷ್ಟಿದೆ. ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕಲು ಕೆಲವೇ ದಿನ ಇರುತ್ತದೆ, ಅಳುತ್ತಾ ಕೂತು ಅದನ್ನು ಕಳೆದುಕೊಳ್ಳಬಾರದು. ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿ ವಿಷಯದ ಮೇಷ್ಟ್ರ ಎದುರು ಕೂತು ನೋಡಬೇಕು. ಕೂಡಿದ್ದು ಸರಿ ಇದೆಯೇ, ಅಂಕ ಹಾಕದೆ ಬಿಟ್ಟ ಉಪಪ್ರಶ್ನೆ ಇದೆಯೇ, ಉತ್ತರ ತಪ್ಪಾಗಿ ವಿಧಾನ ಸರಿಯಿದ್ದ ಕಡೆ ಸೊನ್ನೆ ಬಿದ್ದಿದೆಯೇ ಎಂದು ಹುಡುಕಬೇಕು. ಇವುಗಳಲ್ಲಿ ಒಂದು ಸಿಕ್ಕರೂ ರೀವ್ಯಾಲ್ಯುಯೇಷನ್ ಹಾಕುವುದು ಸರಿ, ಬೇಕಾಗಿರುವುದು ನೂರಕ್ಕೆ ಒಂದೇ ಅಂಕ. ಏನೂ ಸಿಗದಿದ್ದರೆ ಆ ದುಡ್ಡನ್ನು ಮುಂದಿನ ಪರೀಕ್ಷೆಯ ಶುಲ್ಕಕ್ಕೆ ಇಟ್ಟುಕೊಳ್ಳುವುದು ಮೇಲು. ಸಿಐಇಯ 46 ಎಲ್ಲಿಗೂ ಹೋಗುವುದಿಲ್ಲ, ಅದು ಹಾಗೇ ಮುಂದಕ್ಕೆ ಬರುತ್ತದೆ. ತರಗತಿಯಲ್ಲಿ ಮತ್ತೆ ಕೂರಬೇಕಿಲ್ಲ, ಎಸ್‌ಇಇ ಒಂದನ್ನು ಬರೆದರೆ ಸಾಕು. ಆದರೆ ಅದು ಮುಗಿಯುವ ತನಕ ಬ್ಯಾಕ್‌ಲಾಗ್ ಎಂದೇ ಲೆಕ್ಕ. ಬಾಕಿ ಬ್ಯಾಕ್‌ಲಾಗ್ ಇರಬಾರದು ಎಂದು ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಮೊದಲೇ ಹೇಳಿಬಿಡುತ್ತವೆ. ಆದ್ದರಿಂದ ಅದನ್ನು ಕೊನೆಯ ವರ್ಷಕ್ಕೆ ಎಳೆಯದೆ ಸಿಕ್ಕ ಮೊದಲ ಅವಕಾಶದಲ್ಲೇ ಬರೆಯಬೇಕು. ನಮ್ಮ ವಿದ್ಯಾರ್ಥಿನಿಯಂಥವರು ಆ ಸಲ ಓದಲು ಕೂರಬೇಕಾದದ್ದು ಮೊದಲ ಮಾಡ್ಯೂಲ್‌ನಿಂದಲ್ಲ, ಹಿಂದಿನ ಸಲ ಖಾಲಿ ಬಿಟ್ಟ ಐದನೆಯದರಿಂದ.